ಬಿಟಿ, ಬೇವಿನ ಕಷಾಯದ ಪ್ರಾಕ್ಟಿಕಲ್: 24 ಗಂಟೆಗೆ ಎಣಿಸಿದರೆ ಸಾಕಾ?

ಪಾಠ_ಹೊಲ

ನಮಸ್ಕಾರ. ನಾನು ಕೃಷಿ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಸಸ್ಯ ಸಂರಕ್ಷಣೆ ಹೇಳಿಕೊಡುತ್ತೇನೆ. ಜೈವಿಕ ಕೀಟನಾಶಕಗಳ ಪಾಠದ ಬಗ್ಗೆ ಕೇಳಬೇಕಿತ್ತು.

ನಮ್ಮ ಪಠ್ಯದಲ್ಲಿ ಇವು ಕೊನೆಯ ಘಟಕದಲ್ಲಿ ಬರುತ್ತವೆ. ಅಷ್ಟು ಹೊತ್ತಿಗೆ ರಾಸಾಯನಿಕಗಳ ಗುಂಪು, ಡೋಸು, ಸಿಂಪಡಣೆ ಎಲ್ಲಾ ಮುಗಿದಿರುತ್ತದೆ. ಸಸ್ಯಮೂಲದ ಪಟ್ಟಿಯಲ್ಲಿ ಬೇವಿಗೆ ಒಂದು ಸಾಲು, ಸೂಕ್ಷ್ಮಾಣುಗಳ ಪಟ್ಟಿಯಲ್ಲಿ ಬಿಟಿಗೆ ಒಂದು ಸಾಲು. ಪ್ರಾಕ್ಟಿಕಲ್ ಇರುವುದು ಒಂದೇ. ಎಲೆಕೋಸಿನ ಎಲೆಯನ್ನು ಔಷಧಿಯಲ್ಲಿ ಅದ್ದಿ, ಡೈಮಂಡ್ ಬ್ಯಾಕ್ ಮಾತ್ ಹುಳು ಬಿಟ್ಟು, 24 ಗಂಟೆ ಆದ ಮೇಲೆ ಸತ್ತಿದ್ದನ್ನು ಎಣಿಸಿ ಅಂತ ಮ್ಯಾನುಯಲ್‌ನಲ್ಲಿ ಇದೆ. ರಾಸಾಯನಿಕ, ಬಿಟಿ, ಬೇವಿನ ಬೀಜದ ಕಷಾಯ ಮೂರಕ್ಕೂ ಅದೇ ಅಳತೆ.

ಪ್ರತಿ ಬ್ಯಾಚಿನಲ್ಲೂ ಹೀಗೇ ಆಗುತ್ತದೆ. ರಾಸಾಯನಿಕದ ತಟ್ಟೆಯಲ್ಲಿ ಹುಳು ಸತ್ತು ಬಿದ್ದಿರುತ್ತವೆ. ಬಿಟಿ ತಟ್ಟೆಯಲ್ಲಿ ಒಂದೆರಡು ಸತ್ತಿರುತ್ತವೆ. ಬೇವಿನ ತಟ್ಟೆಯಲ್ಲಿ ಎಲ್ಲಾ ಓಡಾಡಿಕೊಂಡಿರುತ್ತವೆ. ಹುಡುಗರು ರೆಕಾರ್ಡ್ ಪುಸ್ತಕದಲ್ಲಿ "ಬೇವು: ಪರಿಣಾಮ ಇಲ್ಲ" ಅಂತ ಬರೆಯುತ್ತಾರೆ. ಅವರು ನೋಡಿದ್ದು ಅದನ್ನೇ, ಹಾಗಾಗಿ ಅವರನ್ನು ದೂರುವಂತಿಲ್ಲ. ಆದರೆ ನಾಳೆ ಇವರೇ ಗೊಬ್ಬರದಂಗಡಿಯಲ್ಲೋ ರೈತ ಸಂಪರ್ಕ ಕೇಂದ್ರದಲ್ಲೋ ಕೂತು ರೈತರಿಗೆ ಸಲಹೆ ಕೊಡುವವರು.

ಎಷ್ಟು ಗಂಟೆಗೆ ಎಣಿಸಬೇಕು? ಏನನ್ನು ಎಣಿಸಬೇಕು? ಈ ಪಾಠ ಕೋರ್ಸಿನಲ್ಲಿ ಎಲ್ಲಿ ಬರಬೇಕು? ಮಾಡಿ ನೋಡಿದವರು ದಯವಿಟ್ಟು ಹೇಳಿ.

ರಾಯಚೂರ್_ಹತ್ತಿ

ಬಿಟಿ ಬಗ್ಗೆ ಏನು ಪಾಠ ಮಾಡ್ತೀರಿ ಮೇಡಂ? 2002ರಲ್ಲಿ ಬಿಟಿ ಹತ್ತಿ ಬಂದಾಗ ಕಾಯಿಕೊರಕದ ಚಿಂತೆ ಇಲ್ಲ ಅಂದರು. ಈಗ ನಮ್ಮ ಕಡೆ ಗುಲಾಬಿ ಕಾಯಿಕೊರಕ ಕಾಯಿ ಒಳಗೇ ಕೂತು ತಿನ್ನುತ್ತಿದೆ. ಬಿಟಿ ಕೆಲಸ ಮಾಡುವುದಿಲ್ಲ ಅನ್ನುವುದನ್ನು ಮೊದಲು ಹೇಳಿಕೊಡಿ.

ಪಾಠ_ಹೊಲ

ಅಣ್ಣಾ, ನಾನು ಕೇಳಿದ್ದು ಸಿಂಪಡಿಸುವ ಬಿಟಿ ಪುಡಿ ಬಗ್ಗೆ. ಹತ್ತಿ ಬೀಜದ ಬಗ್ಗೆ ಅಲ್ಲ.

ಹಳೇ_ಕೀಟಪ್ರಿಯ

ರಾಯಚೂರಿನವರು ಹೇಳಿದ್ದು ಬೇರೆ ವಿಷಯ. ಆದರೂ ಅದನ್ನು ಪಾಠದಲ್ಲಿ ತರಲೇಬೇಕು, ಯಾಕೆಂದರೆ ತರಗತಿಯಲ್ಲಿ ಅರ್ಧ ಜನಕ್ಕೆ ಬಿಟಿ ಅಂದರೆ ಹತ್ತಿಯೇ ನೆನಪಾಗುವುದು.

ಎರಡಕ್ಕೂ ಮೂಲ ಒಂದೇ ಬ್ಯಾಕ್ಟೀರಿಯಾ, ಬ್ಯಾಸಿಲಸ್ ಥುರಿಂಜಿಯೆನ್ಸಿಸ್. ಪುಡಿಯಲ್ಲಿ ಇರುವುದು ಅದರ ಬೀಜಾಣು ಮತ್ತು ವಿಷದ ಹರಳು. ಎಲೆ ಮೇಲೆ ಬಿದ್ದ ಹರಳು ಬಿಸಿಲಿಗೆ ಕೆಲವೇ ದಿನದಲ್ಲಿ ಹಾಳಾಗುತ್ತದೆ. ಹತ್ತಿಯಲ್ಲಿ ಹಾಗಲ್ಲ. ಅಲ್ಲಿ ಗಿಡವೇ ಆ ವಿಷವನ್ನು ಹಂಗಾಮು ಪೂರ್ತಿ ತಯಾರಿಸುತ್ತದೆ. ಹುಳು ಹುಟ್ಟಿದಾಗಿನಿಂದ ಸಾಯುವ ತನಕ ಅದನ್ನೇ ತಿನ್ನಬೇಕು. ಹಾಗಾಗಿ ತಡೆದುಕೊಳ್ಳುವ ಹುಳುಗಳ ಆಯ್ಕೆ ತುಂಬಾ ಬಿಗಿಯಾಗಿ ನಡೆಯುತ್ತದೆ. ಗುಲಾಬಿ ಕಾಯಿಕೊರಕದಲ್ಲಿ ಆಗಿದ್ದು ಅದು.

ಪುಡಿಗೆ ನಿರೋಧಕತೆ ಬರುವುದಿಲ್ಲ ಅಂತಲೂ ಅಂದುಕೊಳ್ಳಬೇಡಿ. ಹೊಲದಲ್ಲಿ ಬಿಟಿ ಸಿಂಪಡಣೆಯನ್ನು ಜೀರ್ಣಿಸಿಕೊಂಡ ಮೊದಲ ಕೀಟ ನಿಮ್ಮ ಪ್ರಾಕ್ಟಿಕಲ್‌ನಲ್ಲಿ ಇರುವ ಡೈಮಂಡ್ ಬ್ಯಾಕ್ ಮಾತ್. ಹವಾಯಿಯಲ್ಲಿ ಮತ್ತೆ ಮತ್ತೆ ಬಿಟಿ ಹೊಡೆದ ಹೊಲಗಳಲ್ಲಿ ಇದು ಕಂಡಿತು. 1990ರಲ್ಲಿ ವರದಿಯಾಯಿತು.

ಮೇಡಂ, ನಿಮ್ಮ ಪ್ರಶ್ನೆಗೆ ರಾತ್ರಿ ಕೂತು ವಿವರವಾಗಿ ಬರೆಯುತ್ತೇನೆ.

ಸಾವಯವಿ_ತಿಪಟೂರು

24 ಗಂಟೆ ಸಾಲುವುದಿಲ್ಲ ಅನ್ನುವುದು ನಿಜ. ಬೇವು ನಿಧಾನ. ನಾವು ಮನೆಯಲ್ಲೇ ಕಷಾಯ ಮಾಡಿ ಹೊಡೆಯುತ್ತೇವೆ. ಬೇವಿನ ಎಲೆ, ಬೀಜ, ಎಣ್ಣೆ, ಹಿಂಡಿ ಏನಾದರೂ ಸರಿ, ಎಲ್ಲದರಲ್ಲೂ ಅದೇ ಕಹಿ ಇರುತ್ತದೆ. ಹೆಚ್ಚು ದಿನ ಕೊಳೆಸಿದಷ್ಟೂ ಜಾಸ್ತಿ ಶಕ್ತಿ ಬರುತ್ತದೆ. ಗಿಡದಿಂದ ಬಂದಿದ್ದು, ಹಾಗಾಗಿ ಯಾವ ಜೀವಿಗೂ ತೊಂದರೆ ಇಲ್ಲ. ಇದನ್ನು ವಿದ್ಯಾರ್ಥಿಗಳಿಗೆ ಮೊದಲ ಪಾಠವಾಗಿ ಹೇಳಿ ಮೇಡಂ.

ರೇಷ್ಮೆಮನೆ

ಯಾವ ಜೀವಿಗೂ ತೊಂದರೆ ಇಲ್ಲ ಅಂದಿದ್ದೀರಲ್ಲ, ನನ್ನ ಅನುಮಾನ ಅಲ್ಲೇ ಇರುವುದು. ಶಿಡ್ಲಘಟ್ಟದ ಕಡೆಯವನು ನಾನು. ನಮ್ಮ ಹಿಪ್ಪುನೇರಳೆ ತೋಟದ ಬದುವಿಗೇ ಪಕ್ಕದವರು ಎಲೆಕೋಸು ಹಾಕಿದ್ದಾರೆ. ಅವರಿಗೆ ಯಾರೋ ಬಿಟಿ ಹೊಡೆಯಿರಿ, ಅದು ಜೈವಿಕ, ಏನೂ ಆಗುವುದಿಲ್ಲ ಅಂದಿದ್ದಾರೆ. ನಮ್ಮ ಹುಳು ಈಗ ಮೂರನೇ ಜ್ವರಕ್ಕೆ, ಅಂದರೆ ಪೊರೆ ಬಿಡಲು ಕೂತಿವೆ. ಅವರು ಹೊಡೆದರೆ ನಾನು ಸೊಪ್ಪು ಕೊಯ್ಯಬಹುದಾ? ದಯವಿಟ್ಟು ಬೇಗ ಹೇಳಿ.

ಹಳೇ_ಕೀಟಪ್ರಿಯ

ರೇಷ್ಮೆಮನೆಯವರೇ, ಇದು ತುರ್ತು, ಮೊದಲು ನಿಮಗೆ ಹೇಳುತ್ತೇನೆ. ಈಗಲೇ ಹೋಗಿ ಪಕ್ಕದವರ ಹತ್ತಿರ ಮಾತಾಡಿ, ಬಿಟಿ ಹೊಡೆಸಬೇಡಿ. ಎಲೆಕೋಸಿಗೆ ಮಾರುವ ಬಿಟಿ ಇರುವುದೇ ಪತಂಗದ ಮರಿಹುಳುಗಳನ್ನು ಕೊಲ್ಲಲು. ರೇಷ್ಮೆ ಹುಳುವೂ ಪತಂಗದ ಮರಿಹುಳುವೇ. ಈ ಬ್ಯಾಕ್ಟೀರಿಯಾ ಮೊದಲು ಸಿಕ್ಕಿದ್ದೂ ರೇಷ್ಮೆ ಹುಳುವಿನಲ್ಲಿ. 1901ರಲ್ಲಿ ಜಪಾನಿನ ಇಶಿವಾತಾ ರೇಷ್ಮೆ ಹುಳುಗಳು ದಿಢೀರನೆ ಸಾಯುವ ರೋಗಕ್ಕೆ ಕಾರಣ ಹುಡುಕುವಾಗ ಇದನ್ನು ಕಂಡರು. 1911ರಲ್ಲಿ ಜರ್ಮನಿಯ ಬರ್ಲಿನರ್ ಹಿಟ್ಟಿನ ಪತಂಗದಲ್ಲಿ ನೋಡಿ, ಆಮೇಲೆ ಥುರಿಂಜಿಯಾ ಪ್ರಾಂತ್ಯದ ಹೆಸರಿಟ್ಟರು.

ಸೊಪ್ಪನ್ನು ತೊಳೆದು ಹಾಕುತ್ತೇನೆ ಅನ್ನಬೇಡಿ. ಗಾಳಿಗೆ ಹಾರಿ ಬಂದ ಹನಿ ಒಣಗಿ ಅಂಟಿಕೊಂಡಿರುತ್ತದೆ. ಈಗಾಗಲೇ ಹೊಡೆದಿದ್ದರೆ ಆ ಬದುವಿನ ಕಡೆಯ ಸಾಲುಗಳ ಸೊಪ್ಪು ಈ ಬೆಳೆಗೆ ಬೇಡ, ದೂರದ ಕಡೆಯಿಂದ ಕೊಯ್ಯಿರಿ. ಎಷ್ಟು ಸಾಲು ಬಿಡಬೇಕು ಅನ್ನುವುದು ಅಂದಿನ ಗಾಳಿ ಮೇಲೆ ಇದೆ. ಹತ್ತಿರದ ರೇಷ್ಮೆ ವಿಸ್ತರಣಾಧಿಕಾರಿಯನ್ನು ಕರೆಸಿ ತೋರಿಸಿ.

ರೇಷ್ಮೆಮನೆ

ಇನ್ನೂ ಹೊಡೆದಿಲ್ಲ ಸರ್. ಈಗಲೇ ಹೋಗಿ ಹೇಳುತ್ತೇನೆ. ಅವರಿಗೆ ಬದಲಿಗೆ ಏನು ಹೇಳಲಿ? ಬೇವು ಆದೀತಾ?

ಹಳೇ_ಕೀಟಪ್ರಿಯ

ಬೇವೂ ನಿಮ್ಮ ಸೊಪ್ಪಿನ ಮೇಲೆ ಬೀಳಬಾರದು. ಬೇವಿನ ರುಚಿ ಹತ್ತಿದ ಸೊಪ್ಪನ್ನು ರೇಷ್ಮೆ ಹುಳು ಸರಿಯಾಗಿ ತಿನ್ನುವುದಿಲ್ಲ, ಜ್ವರದಲ್ಲೂ ಏರುಪೇರಾಗಬಹುದು. ಗಾಳಿ ನಿಮ್ಮ ತೋಟದ ಕಡೆ ಇಲ್ಲದ ಸಂಜೆ, ಬದುವಿನ ಹತ್ತಿರದ ಸಾಲುಗಳನ್ನು ಬಿಟ್ಟು, ನಳಿಕೆ ಕೆಳಗೆ ಹಿಡಿದು ಹೊಡೆಯಲು ಹೇಳಿ. ಆ ಬಿಟ್ಟ ಸಾಲುಗಳಲ್ಲಿ ಹುಳು ಕೈಯಲ್ಲಿ ಆರಿಸಲಿ.

ಪಾಠದ ಮೇಡಂ, ಗಮನಿಸಿ. ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಕಡೆ ಕೋಸೂ ಇದೆ, ಹಿಪ್ಪುನೇರಳೆಯೂ ಇದೆ. ಬಿಟಿ ಪಾಠದಲ್ಲಿ ರೇಷ್ಮೆಯ ಮಾತು ಬರದಿದ್ದರೆ ಆ ಪಾಠ ಅರ್ಧ.

ಸಾವಯವಿ_ತಿಪಟೂರು

ರೇಷ್ಮೆ ವಿಷಯ ನನ್ನ ತಲೆಗೆ ಬಂದಿರಲಿಲ್ಲ. ಅದನ್ನು ಒಪ್ಪುತ್ತೇನೆ. ಕೊಳೆಸುವುದರ ಬಗ್ಗೆ ನಮ್ಮ ಅನುಭವ ಬೇರೆ, ಅದನ್ನು ಬಿಟ್ಟುಕೊಡುವುದಿಲ್ಲ.

ಗೊಬ್ಬರದಂಗಡಿ

ನಾನು ಅಂಗಡಿ ಇಟ್ಟುಕೊಂಡೇ ಡೀಲರ್‌ಗಳ ಡಿಪ್ಲೊಮಾ, ಅದೇ ದೇಸಿ ಕೋರ್ಸ್ ಮಾಡಿದವನು. ಕೌಂಟರ್ ಈಚೆ ನಿಂತು ಏನು ಕಾಣುತ್ತದೆ ಅಂತ ಹೇಳುತ್ತೇನೆ.

ರೈತ ಬರುವುದೇ ಹುಳು ದಪ್ಪ ಆಗಿ ಎಲೆ ತೂತು ಬಿದ್ದ ಮೇಲೆ. ಆಗ ಬಿಟಿ ಕೊಟ್ಟರೆ ನಾಳೆ ಬೆಳಿಗ್ಗೆ ಬಂದು ಬೈಯುತ್ತಾರೆ. ಅದಕ್ಕೇ ಈಗ ಒಂದು ಎಲೆ ಕಿತ್ತುಕೊಂಡು ಬನ್ನಿ ಅನ್ನುತ್ತೇನೆ. ಎಲೆಯ ಕೆಳಗಡೆ ಹುಳು ಕೆರೆದು, ಮೇಲಿನ ತೆಳು ಪೊರೆ ಮಾತ್ರ ಉಳಿದು ಕಿಟಕಿ ಥರ ಕಂಡರೆ ಹುಳು ಇನ್ನೂ ಸಣ್ಣದು. ಆಗ ಬಿಟಿ ಕೊಡುತ್ತೇನೆ, ಕೆಲಸ ಮಾಡುತ್ತದೆ. ಪೂರ್ತಿ ತೂತು ಬಿದ್ದು, ಹಸಿರು ಹುಳು ದಪ್ಪಗೆ ಇದ್ದರೆ ತಡವಾಯಿತು ಅಂತ ಅರ್ಥ. ಇದನ್ನು ನನಗೆ ಕಲಿಸಿದ್ದು ಕೋರ್ಸ್ ಅಲ್ಲ, ಒಬ್ಬ ಹಳೆಯ ರೈತ.

ಇನ್ನೊಂದು ಸಂಗತಿ. "ಬಯೋ" ಅಂತ ಬರೆದ ಬಾಟಲಿ ಎಷ್ಟೋ ಬರುತ್ತವೆ. ನೋಂದಣಿ ಸಂಖ್ಯೆ ಇರುವುದಿಲ್ಲ, ಒಳಗೆ ಏನು, ಎಷ್ಟು ಅಂತಲೂ ಇರುವುದಿಲ್ಲ. ಹೊಡೆದ ಒಂದೆರಡು ಗಂಟೆಯಲ್ಲಿ ಹುಳು ತಟಪಟ ಉದುರುತ್ತವೆ. ರೈತರಿಗೆ ಖುಷಿ. ನನಗೆ ಅಲ್ಲೇ ಅನುಮಾನ. ನಿಜವಾದ ಬೇವು ಹಾಗೆ ಕೊಲ್ಲುತ್ತದಾ ಸರ್?

ಹಳೇ_ಕೀಟಪ್ರಿಯ

ಇಲ್ಲ. ಬೇವಿನದು ಅಂತ ಹೇಳಿದ ಸರಕು ಎರಡು ಗಂಟೆಯಲ್ಲಿ ಮರಿಹುಳುಗಳನ್ನು ಉದುರಿಸಿದರೆ ಅದರಲ್ಲಿ ರಾಸಾಯನಿಕ ಬೆರೆತಿದೆ ಅಂತ ಅನುಮಾನಿಸಲೇಬೇಕು. ಅಂಥದ್ದನ್ನು ಸಾವಯವ ಅಂತ ನಂಬಿ ಹೊಡೆದ ರೈತನ ಕೋಸಿನಲ್ಲಿ ಉಳಿಕೆ ಸಿಕ್ಕರೆ ನಷ್ಟ ಅವನದೇ. ಲೇಬಲ್ ಓದುವುದನ್ನು ಒಂದು ಪ್ರಾಕ್ಟಿಕಲ್ ಆಗಿಯೇ ಇಡಿ. ಅಂಗಡಿಯಿಂದ ಖಾಲಿ ಬಾಟಲಿ, ಪೊಟ್ಟಣ ತಂದು ಹುಡುಗರ ಮುಂದಿಟ್ಟರೆ ಸಾಕು.

ಈಗ ಮೇಡಂ ಕೇಳಿದ್ದಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಬಿಟಿ ಹರಳು ಎಲೆ ಮೇಲೆ ಇರುವಾಗ ಅದು ವಿಷವೇ ಅಲ್ಲ. ಹುಳು ಅದನ್ನು ತಿನ್ನಬೇಕು. ಮರಿಹುಳುವಿನ ನಡುಕರುಳು ಕ್ಷಾರದ್ದು. ಅಲ್ಲಿ ಹರಳು ಕರಗುತ್ತದೆ. ಹುಳುವಿನದೇ ಜೀರ್ಣರಸ ಅದನ್ನು ಕತ್ತರಿಸಿ ಚುರುಕು ಮಾಡುತ್ತದೆ. ಆ ತುಂಡು ಕರುಳಿನ ಗೋಡೆಗೆ ಅಂಟಿ ತೂತು ಕೊರೆಯುತ್ತದೆ. ಕೆಲವೇ ಗಂಟೆಯಲ್ಲಿ ಹುಳು ತಿನ್ನುವುದು ನಿಲ್ಲಿಸುತ್ತದೆ. ಸಾಯುವುದು ಎರಡು ಮೂರು ದಿನಕ್ಕೆ. ಕಪ್ಪಾಗಿ, ಮೆತ್ತಗಾಗಿ ಎಲೆಗೆ ಅಂಟಿರುತ್ತದೆ. ಅಂದರೆ 24 ಗಂಟೆಗೆ ನಿಮ್ಮ ತಟ್ಟೆಯಲ್ಲಿ ಬದುಕಿ ಕಾಣುವ ಹುಳು ಆಗಲೇ ಊಟ ಬಿಟ್ಟಿದೆ. ಬೆಳೆಗೆ ಅದರಿಂದ ಇನ್ನು ನಷ್ಟವಿಲ್ಲ. ನಿಮ್ಮ ಮ್ಯಾನುಯಲ್ ಅದನ್ನು ಸೋಲು ಅಂತ ಬರೆಸುತ್ತಿದೆ.

ಬೇವಿನ ದಾರಿಯೇ ಬೇರೆ. ಬೀಜದಲ್ಲಿರುವ ಅಜಾಡಿರಕ್ಟಿನ್ ಮೊದಲು ಎಲೆಯನ್ನು ತಿನ್ನಲು ಬಿಡುವುದಿಲ್ಲ. 1959ರಲ್ಲಿ ಸುಡಾನಿನಲ್ಲಿ ಮಿಡತೆ ಹಿಂಡು ಬಂದು ಎಲ್ಲಾ ಬೋಳಿಸಿದಾಗ ಬೇವಿನ ಮರಗಳು ಮಾತ್ರ ಹಸಿರಾಗಿ ಉಳಿದಿದ್ದನ್ನು ಜರ್ಮನಿಯ ಷ್ಮುಟರರ್ ನೋಡಿದ್ದರು. 1960ರ ದಶಕದ ಮೊದಲಲ್ಲೇ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಪ್ರಧಾನ್ ಮತ್ತು ಜೊತೆಯವರು ಬೇವಿನ ಒಳಬೀಜವನ್ನು ನೀರಲ್ಲಿ ಕದಡಿ ಹೊಡೆದು ಮಿಡತೆಯಿಂದ ಬೆಳೆ ಉಳಿಯುವುದನ್ನು ತೋರಿಸಿದರು. ಮಿಡತೆಗಳು ಅಲ್ಲಿ ಸತ್ತಿದ್ದಕ್ಕಿಂತ ತಿನ್ನದೇ ಹೋಗಿದ್ದು ಮುಖ್ಯ.

ಎರಡನೆಯದು, ಸ್ವಲ್ಪ ತಿಂದ ಹುಳುವಿಗೆ ಪೊರೆ ಬಿಡುವ ಹಾರ್ಮೋನು ಸಮಯಕ್ಕೆ ಏರುವುದಿಲ್ಲ. ಹಳೆಯ ಪೊರೆ ಅರ್ಧ ಬಿಟ್ಟು ಅರ್ಧ ಸಿಕ್ಕಿಹಾಕಿಕೊಂಡು ಸಾಯುತ್ತದೆ. ಕೋಶಕ್ಕೆ ಹೋದರೂ ಪತಂಗ ಹೊರಬರುವುದಿಲ್ಲ, ಬಂದರೂ ರೆಕ್ಕೆ ಮುದುಡಿರುತ್ತದೆ. ಇದೆಲ್ಲಾ ಕಾಣಬೇಕಾದರೆ ಹುಳು ಮುಂದಿನ ಪೊರೆ ಬಿಡುವ ತನಕ, ಇನ್ನೂ ಒಳ್ಳೆಯದೆಂದರೆ ಪತಂಗ ಬರುವ ತನಕ ಕಾಯಬೇಕು.

ಪಾಠ_ಹೊಲ

ಸರ್, ತುಂಬಾ ಉಪಕಾರ. ಹಾಗಾದರೆ ಪ್ರಾಕ್ಟಿಕಲ್ ಅನ್ನು ಹೇಗೆ ಜೋಡಿಸುವುದು? ನಮಗೆ ವಾರಕ್ಕೆ ಒಂದೇ ಪ್ರಾಕ್ಟಿಕಲ್ ಅವಧಿ.

ಹಳೇ_ಕೀಟಪ್ರಿಯ

ಒಂದು ವಾರ ಶುರು ಮಾಡಿ, ಪತಂಗ ಹೊರಬಂದ ಮೇಲಿನ ಅವಧಿಯಲ್ಲಿ ಮುಗಿಸಿ. ನಡುವೆ ಎಣಿಸಲು ಇಬ್ಬಿಬ್ಬರಂತೆ ಪಾಳಿ ಹಾಕಿ.

ಔಷಧಿ ಹೊಡೆಯದ ಕೋಸಿನ ಎಲೆ ಬೇಕು. ಅದನ್ನು ತಟ್ಟೆಯ ಅಳತೆಗೆ ಗುಂಡಗೆ ಕತ್ತರಿಸಿ. ಕೋಸಿನ ಎಲೆ ಮೇಲೆ ಮೇಣ ಇರುವುದರಿಂದ ನೀರು ಜಾರುತ್ತದೆ, ದ್ರಾವಣಕ್ಕೆ ಒಂದೆರಡು ಹನಿ ಅಂಟುದ್ರಾವಣ ಬೇಕು. ಬರೀ ನೀರಿನ ತಟ್ಟೆಗೂ ಅದೇ ಅಂಟು ಹಾಕಿ, ಇಲ್ಲದಿದ್ದರೆ ಹೋಲಿಕೆ ಕೆಡುತ್ತದೆ. ಎಲೆಯನ್ನು 10 ಸೆಕೆಂಡ್ ಅದ್ದಿ, ನೆರಳಲ್ಲಿ ಪೂರ್ತಿ ಒಣಗಿಸಿ. ತಟ್ಟೆಗೆ ತೇವದ ಫಿಲ್ಟರ್ ಕಾಗದ ಹಾಕಿ ಅದರ ಮೇಲೆ ಎಲೆ ಇಡಿ. ಒಂದೊಂದು ತಟ್ಟೆಗೆ ಒಂದೇ ವಯಸ್ಸಿನ, ಎರಡನೇ ಕೊನೆ ಅಥವಾ ಮೂರನೇ ಹಂತದ 10 ಹುಳು. ಒಂದು ಔಷಧಿಗೆ ಮೂರು ತಟ್ಟೆ. ಎರಡು ದಿನ ಆದ ಮೇಲೆ ಹೊಸ, ಔಷಧಿ ಇಲ್ಲದ ಎಲೆ ಕೊಡಿ. ಕುಂಚದಿಂದ ಮುಟ್ಟಿದಾಗ ಸರಿಯಾಗಿ ಹೊರಳಲಾರದ ಹುಳುವನ್ನು ಸತ್ತದ್ದು ಅಂತ ಲೆಕ್ಕ ಹಿಡಿಯಿರಿ.

ಬಿಟಿಯನ್ನು 72 ಗಂಟೆಗೆ ಎಣಿಸಿ. ಬೇವಿಗೆ ಎರಡು ಅಳತೆ ಇಡಿ. ಮೊದಲನೆಯದು 24 ಗಂಟೆಗೆ ತಿಂದ ಜಾಗ. ಎಲೆಯನ್ನು ಗ್ರಾಫ್ ಕಾಗದದ ಮೇಲಿಟ್ಟು ತಿಂದ ಚೌಕಗಳನ್ನು ಎಣಿಸಿದರೆ ಆಯಿತು. ಎರಡನೆಯದು ಕೊನೆಗೆ ಹೊರಬಂದ ಪತಂಗಗಳ ಸಂಖ್ಯೆ.

ಬರೀ ನೀರಿನ ತಟ್ಟೆಯಲ್ಲೂ ಕೆಲವು ಹುಳು ಸಾಯುತ್ತವೆ. ಅದನ್ನು ಕಳೆಯಲು ಅಬ್ಬಟ್ 1925ರಲ್ಲಿ ಕೊಟ್ಟ ಸೂತ್ರವೇ ಈಗಲೂ ನಡೆಯುತ್ತದೆ:

```
(T - C) / (100 - C) × 100
```

T ಅಂದರೆ ಔಷಧಿ ತಟ್ಟೆಯಲ್ಲಿ ಸತ್ತ ಶೇಕಡಾವಾರು, C ಅಂದರೆ ನೀರಿನ ತಟ್ಟೆಯದು.

ಬೋರ್ಡಿನ ಮೇಲೆ ಮಾಡಿಸಲು ಒಂದು ಲೆಕ್ಕ ಕೊಡುತ್ತೇನೆ. ಅಂಕಿ ನಾನೇ ಇಟ್ಟಿದ್ದು, ಲೆಕ್ಕದ ದಾರಿ ತಿಳಿಯಲಿ ಅಂತ. ಪ್ರತಿಯೊಂದಕ್ಕೂ 30 ಹುಳು. 24 ಗಂಟೆಗೆ ನೀರಲ್ಲಿ ಸತ್ತಿದ್ದು 0, ಬಿಟಿಯಲ್ಲಿ 6, ಬೇವಿನಲ್ಲಿ 1. ಇಲ್ಲಿಗೇ ನಿಲ್ಲಿಸಿದರೆ ಬಿಟಿ ಶೇ. 20, ಬೇವು ಶೇ. 3. ಎರಡೂ ದಂಡ ಅನ್ನಿಸುತ್ತದೆ. 72 ಗಂಟೆಗೆ ನೀರಲ್ಲಿ 3, ಬಿಟಿಯಲ್ಲಿ 24, ಬೇವಿನಲ್ಲಿ 8 ಸತ್ತವು ಅಂದುಕೊಳ್ಳಿ. ಬಿಟಿಯದು ಶೇ. 80, ನೀರಿನದು ಶೇ. 10. ಸೂತ್ರ ಹಾಕಿದರೆ 70 ಭಾಗಿಸು 90, ಅಂದರೆ ಸುಮಾರು ಶೇ. 78. ಬೇವು ಇಲ್ಲಿ ಇನ್ನೂ ಶೇ. 18ರ ಆಸುಪಾಸಿನಲ್ಲೇ ಇದೆ. ಕೊನೆಗೆ ಪತಂಗ ಎಣಿಸಿದಾಗ ನೀರಿನ ತಟ್ಟೆಗಳಿಂದ 24 ಬಂದವು, ಬೇವಿನ ತಟ್ಟೆಗಳಿಂದ 9. ಅಂದರೆ ಮುಂದಿನ ತಲೆಮಾರಿಗೆ ಹೋಗಬೇಕಿದ್ದ ಪತಂಗಗಳಲ್ಲಿ ಶೇ. 62ಕ್ಕಿಂತ ಜಾಸ್ತಿ ಕಡಿಮೆಯಾಯಿತು. ಔಷಧಿ ಅದೇ, ಹುಳು ಅವೇ, ಎಣಿಸಿದ ದಿನ ಮಾತ್ರ ಬೇರೆ.

ಮೂರನೇ_ಸೆಮ್

ಸರ್, ನಾನು ವಿದ್ಯಾರ್ಥಿ. ನಮ್ಮ ಕಾಲೇಜಿನಲ್ಲೂ 24 ಗಂಟೆಗೇ ಎಣಿಸಿದ್ದು. ಪರೀಕ್ಷೆಯಲ್ಲಿ "ಬಿಟಿಯ ಮಿತಿ: ನಿಧಾನ" ಅಂತ ಬರೆದರೆ ಅಂಕ ಕೊಡುತ್ತಾರೆ. ಆದರೆ ಹುಳು ತಿನ್ನುವುದನ್ನು ತಕ್ಷಣ ನಿಲ್ಲಿಸಿದರೆ ಅದು ಮಿತಿ ಹೇಗಾಗುತ್ತದೆ? ಎರಡನೆಯದು, ನಾವು ಮಾಡಿದ ಬೇವಿನ ಕಷಾಯ ಕಂದು ಬಣ್ಣ ಇತ್ತು. ಅದು ಸರಿಯಾ?

ಹಳೇ_ಕೀಟಪ್ರಿಯ

ಮೊದಲನೆಯದು ಒಳ್ಳೆಯ ಪ್ರಶ್ನೆ, ನಿಮ್ಮ ಮೇಷ್ಟ್ರ ಹತ್ತಿರವೂ ಕೇಳಿ. ನಿಜವಾದ ಮಿತಿ ಎಂದರೆ ಹುಳು ತಿನ್ನಲೇಬೇಕು ಅನ್ನುವುದು. ಡೈಮಂಡ್ ಬ್ಯಾಕ್ ಮೊಟ್ಟೆಯಿಂದ ಬಂದ ಮೊದಲ ಹಂತದಲ್ಲಿ ಎಲೆಯ ಒಳಗೆ ಸುರಂಗ ಮಾಡಿಕೊಂಡಿರುತ್ತದೆ, ಆಗ ಬಿಟಿ ಮುಟ್ಟುವುದಿಲ್ಲ. ಹೊರಬಂದ ಮೇಲೆ ಎಲೆಯ ಕೆಳಗಡೆ ತಿನ್ನುತ್ತದೆ. ಮೇಲಿನಿಂದ ಮಾತ್ರ ಹೊಡೆದರೆ ಹರಳು ಅದರ ಬಾಯಿಗೇ ಸಿಗುವುದಿಲ್ಲ. ಎಲೆಯಿಂದ ರಸ ಹೀರುವ ಹೇನಿಗೂ ಬಿಟಿ ಸಿಂಪಡಣೆಗೂ ಸಂಬಂಧವೇ ಇಲ್ಲ.

ಕಂದು ಕಷಾಯ ಅಂದರೆ ಬೀಜ ಹಳೆಯದು, ಇಲ್ಲವೇ ಬೂಷ್ಟು ಹಿಡಿದಿದ್ದು. ಒಳ್ಳೆಯ ಕಷಾಯ ಹಾಲಿನ ಬಣ್ಣಕ್ಕೆ ಬರುತ್ತದೆ. ನಮ್ಮ ಕಡೆ ಜೂನ್, ಜುಲೈಗೆ ಬೇವಿನ ಹಣ್ಣು ಉದುರುತ್ತದೆ. ಆರಿಸಿದ ತಕ್ಷಣ ತೊಳೆದು ಮೇಲಿನ ತಿರುಳು ತೆಗೆಯಬೇಕು. ನೆರಳಲ್ಲಿ ಒಣಗಿಸಿ, ಗಾಳಿ ಆಡುವ ಗೋಣಿಚೀಲದಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಬೂಷ್ಟು ಬರುತ್ತದೆ. ಮೂರು ತಿಂಗಳಿಂದ ಎಂಟು ತಿಂಗಳ ಒಳಗಿನ ಬೀಜ ಬಳಸಿ.

ಶೇ. 5ರ ಕಷಾಯಕ್ಕೆ 5 ಕೆಜಿ ಒಳಬೀಜ ಬೇಕು. ಸಿಪ್ಪೆ ಇರುವ ಬೀಜವಾದರೆ ಹತ್ತಿರ ಹತ್ತಿರ ಎರಡರಷ್ಟು ತಗೊಳ್ಳಿ. ಇಲ್ಲೇ ಜಾಸ್ತಿ ಜನ ತಪ್ಪುತ್ತಾರೆ, ಸಿಪ್ಪೆ ಸಮೇತ 5 ಕೆಜಿ ಹಾಕಿ ಅರ್ಧ ಬಲದ ಕಷಾಯ ಮಾಡುತ್ತಾರೆ. ಎಣ್ಣೆ ಬಿಡದ ಹಾಗೆ ಪುಡಿ ಮಾಡಿ, 10 ಲೀಟರ್ ನೀರಲ್ಲಿ ಒಂದು ರಾತ್ರಿ ನೆನೆಸಿ. ಬೆಳಿಗ್ಗೆ ಕದಡಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ, 100 ಲೀಟರ್‌ಗೆ ತನ್ನಿ. 100ರಿಂದ 200 ಗ್ರಾಂ ಸೋಪನ್ನು ಹೊಡೆಯುವ ಮುಂಚೆ ಮಾತ್ರ ಬೆರೆಸಿ. ಅಜಾಡಿರಕ್ಟಿನ್‌ಗೆ ಕ್ಷಾರ ಆಗುವುದಿಲ್ಲ, ಬೇಗ ಒಡೆಯುತ್ತದೆ. ಕೋಲಾರದ ಕಡೆ ಎಷ್ಟೋ ಬೋರ್‌ವೆಲ್ ನೀರೇ ಕ್ಷಾರ. ಅಂಥ ಕಡೆ ಬೆರೆಸಿ ಇಟ್ಟುಕೊಳ್ಳುವುದು ಬೇಡ, ಅಂದಿನದು ಅಂದೇ ಮುಗಿಸಿ. ಬಿಸಿಲಿಗೂ ಒಡೆಯುತ್ತದೆ, ಹಾಗಾಗಿ ಸಂಜೆ ಹೊಡೆಯಿರಿ. ಬೋರ್ಡೋ ಜೊತೆ ಬೆರೆಸಬೇಡಿ, ಅದರಲ್ಲಿ ಸುಣ್ಣ ಇದೆ.

ತಿಪಟೂರಿನವರೇ, ಹೆಚ್ಚು ದಿನ ಕೊಳೆಸಿದರೆ ಶಕ್ತಿ ಜಾಸ್ತಿ ಅನ್ನುವುದನ್ನು ನಾನು ಒಪ್ಪಲಾರೆ. ಅಜಾಡಿರಕ್ಟಿನ್ ನೀರಲ್ಲಿ ಇದ್ದಷ್ಟೂ ಕಡಿಮೆಯೇ ಆಗುತ್ತದೆ. ಎಲೆಯಲ್ಲಿ ಅದು ಬೀಜಕ್ಕಿಂತ ತುಂಬಾ ಕಡಿಮೆ.

ಸಾವಯವಿ_ತಿಪಟೂರು

ಸರ್, ನಾವು ಕೊಳೆಸಿದ ಕಷಾಯಕ್ಕೆ ಹೇನು ಕಡಿಮೆಯಾಗಿದ್ದನ್ನು ಕಣ್ಣಾರೆ ನೋಡಿದ್ದೇವೆ. ಅದು ಅಜಾಡಿರಕ್ಟಿನ್‌ನಿಂದ ಅಲ್ಲದಿದ್ದರೆ ಬೇರೆ ಯಾವುದರಿಂದ?

ಹಳೇ_ಕೀಟಪ್ರಿಯ

ಎಣ್ಣೆ ಅಂಶ ಮತ್ತು ಸೋಪು ಎರಡೂ ಹೇನಿನಂಥ ಮೆತ್ತನೆಯ ಕೀಟದ ಮೈ ಮುಚ್ಚಿ ಕೊಲ್ಲುತ್ತವೆ. ನಿಮ್ಮದರಲ್ಲಿ ಅದೇ ಆಗುತ್ತಿದೆಯಾ ಅಂತ ನೋಡಬೇಕಾದರೆ ಬರೀ ಸೋಪು ನೀರು ಒಂದು ಸಾಲು, ಕೊಳೆಸಿದ್ದು ಒಂದು ಸಾಲು, ಒಂದು ರಾತ್ರಿಯದು ಒಂದು ಸಾಲು ಹೊಡೆದು ನೋಡಿ. ಇದು ಹುಡುಗರಿಗೂ ಒಳ್ಳೆಯ ಪ್ರಾಜೆಕ್ಟ್.

ಗೊಬ್ಬರದಂಗಡಿ

ಬೇವಿನ ಬಾಟಲಿಗಳ ಬಗ್ಗೆ ಒಂದು. 300, 1500, 10000 ಪಿಪಿಎಂ ಅಂತ ಬರುತ್ತವೆ. ರೈತರು ಎಲ್ಲಕ್ಕೂ "ಲೀಟರಿಗೆ ಮೂರು ಎಂಎಲ್ಲಾ?" ಅಂತ ಕೇಳುತ್ತಾರೆ. ಕೋರ್ಸಿನಲ್ಲಿ ಈ ಲೆಕ್ಕ ಮಾಡಿಸಲಿಲ್ಲ.

ಹಳೇ_ಕೀಟಪ್ರಿಯ

ಸುಲಭ. 1500 ಪಿಪಿಎಂನಲ್ಲಿ ಒಂದು ಎಂಎಲ್‌ಗೆ ಅಂದಾಜು ಒಂದೂವರೆ ಮಿಲಿಗ್ರಾಂ ಅಜಾಡಿರಕ್ಟಿನ್. ಲೀಟರಿಗೆ 3 ಎಂಎಲ್ ಹಾಕಿದರೆ ನಾಲ್ಕೂವರೆ ಮಿಲಿಗ್ರಾಂ. 10000 ಪಿಪಿಎಂ ಒಂದೇ ಎಂಎಲ್ ಹಾಕಿದರೂ ಹತ್ತು ಮಿಲಿಗ್ರಾಂ ಆಯಿತು. 300ರದು 5 ಎಂಎಲ್ ಹಾಕಿದರೂ ಒಂದೂವರೆ ಮಾತ್ರ, ಆದರೆ ಅದು ಎಣ್ಣೆ ಆಧಾರದ್ದು, ಎಣ್ಣೆಯೂ ಕೆಲಸ ಮಾಡುತ್ತದೆ. ಹಾಗಾಗಿ ಮರಿಹುಳುವಿಗೆ ಯಾವುದು, ಹೇನಿಗೆ ಯಾವುದು ಅನ್ನುವುದು ಬೇರೆ. ಕೊಡುವಾಗ ಲೇಬಲ್‌ನ ಡೋಸೇ ಹೇಳಿ. ಈ ಲೆಕ್ಕ ಇರುವುದು ಯಾಕೆ ಡೋಸು ಬೇರೆ ಬೇರೆ ಅಂತ ತಿಳಿಯಲಿಕ್ಕೆ.

ಪಾಠ_ಹೊಲ

ಇದೆಲ್ಲಾ ಓದಿದ ಮೇಲೆ ನನಗೆ ಒಂದು ಯೋಚನೆ ಬಂದಿದೆ. ಈ ಪಾಠ ಕೊನೆಯ ಘಟಕದಲ್ಲಿ ಇರುವುದೇ ತೊಂದರೆ. ಕೀಟದ ಜೀರ್ಣಾಂಗ ಕಲಿಸುವ ವಾರವೇ ಬಿಟಿ ತರುತ್ತೇನೆ. ಪೊರೆ ಬಿಡುವುದು, ಹಾರ್ಮೋನು ಕಲಿಸುವಾಗ ಬೇವು. ಆಗ ಕ್ಷಾರದ ಕರುಳು ಯಾಕೆ ಮುಖ್ಯ ಅಂತ ಹುಡುಗರಿಗೆ ಕಾರಣ ಸಿಗುತ್ತದೆ. ಕೊನೆಯ ಘಟಕದಲ್ಲಿ ಎಲೆಕೋಸಿನ ಬೆಳೆ ಹಿಡಿದು ಯಾವ ದಿನ ಯಾವುದು ಅಂತ ಜೋಡಿಸುತ್ತೇನೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೇಳುವ ಸಾಸಿವೆ ಸಾಲು ಅಲ್ಲಿ ಚೆನ್ನಾಗಿ ಹೊಂದುತ್ತದೆ ಅಲ್ವಾ?

ಹಳೇ_ಕೀಟಪ್ರಿಯ

ಚೆನ್ನಾಗಿ ಹೊಂದುತ್ತದೆ. ಪ್ರತಿ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದು ಸಾಲನ್ನು ಕೋಸು ನಾಟಿಗೆ 15 ದಿನ ಮುಂಚೆ, ಇನ್ನೊಂದನ್ನು ನಾಟಿ ಆಗಿ 25 ದಿನಕ್ಕೆ ಬಿತ್ತಬೇಕು. ಪತಂಗ ಸಾಸಿವೆಯ ಮೇಲೆ ಮೊಟ್ಟೆ ಇಡುತ್ತದೆ. ಗೆಡ್ಡೆ ಕಟ್ಟಲು ಶುರುವಾಗುವಾಗ ಕೋಸಿಗೆ ಬೇವಿನ ಬೀಜದ ಕಷಾಯ. ಬೀಜ ಸಿಗದವರಿಗೆ ಅದೇ ಸಂಸ್ಥೆಯ ಬೇವಿನ ಸಾಬೂನು ಇದೆ. ಸಣ್ಣ ಹುಳು ಕಂಡರೆ ಬಿಟಿ, ಆದರೆ ಬಿಟಿ ಒಂದನ್ನೇ ಮತ್ತೆ ಮತ್ತೆ ಅಲ್ಲ. ಹವಾಯಿಯ ಮಾತು ಅಲ್ಲಿ ಹೇಳಿ. ಬದುವಿನಲ್ಲಿ ಹಿಪ್ಪುನೇರಳೆ ಇದೆಯಾ ಅಂತ ಕೇಳುವುದನ್ನೂ ಅಲ್ಲೇ ಕಲಿಸಿ.

ರಾಯಚೂರ್_ಹತ್ತಿ

ಹಾಗಾದರೆ ಸ್ಪೈನೋಸ್ಯಾಡ್, ಎಮಾಮೆಕ್ಟಿನ್ ಎಲ್ಲಿ ಸೇರಿಸುತ್ತೀರಿ? ಅವೂ ಬ್ಯಾಕ್ಟೀರಿಯಾದ ವಿಷ ಅಂತ ಹೇಳಿಯೇ ನಮಗೆ ಮಾರುತ್ತಾರೆ.

ಹಳೇ_ಕೀಟಪ್ರಿಯ

ಮಣ್ಣಿನ ಬ್ಯಾಕ್ಟೀರಿಯಾಗಳಿಂದ ಬಂದಿದ್ದು ಹೌದು. ಸ್ಪೈನೋಸ್ಯಾಡ್ ಅನ್ನು ಹುದುಗಿಸಿ ತೆಗೆಯುತ್ತಾರೆ. ಎಮಾಮೆಕ್ಟಿನ್ ಅನ್ನು ಆಮೇಲೆ ರಾಸಾಯನಿಕವಾಗಿ ಬದಲಾಯಿಸುತ್ತಾರೆ. ಎರಡೂ ನರಕ್ಕೆ ಹೊಡೆಯುತ್ತವೆ. ಸ್ಪೈನೋಸ್ಯಾಡ್ ಹಸಿ ಇರುವಾಗ ಜೇನಿಗೆ ಅಪಾಯ. ನಾನಾದರೆ ರಾಸಾಯನಿಕಗಳ ಜೊತೆ ಕಲಿಸುತ್ತೇನೆ.

ಪಾಠ_ಹೊಲ

ನನಗೆ ಸ್ಪೈನೋಸ್ಯಾಡ್ ಬಿಟಿಯ ಪಕ್ಕದಲ್ಲೇ ಇರಬೇಕು ಅನ್ನಿಸುತ್ತದೆ. ಎರಡನ್ನೂ ಒಟ್ಟಿಗೆ ನೋಡಿದರೆ, ಜೀವಿಯಿಂದ ಬಂದದ್ದೆಲ್ಲಾ ಒಂದೇ ಥರ ಕೆಲಸ ಮಾಡುವುದಿಲ್ಲ ಅಂತ ಹುಡುಗರಿಗೆ ಕಾಣುತ್ತದೆ. ಇದರಲ್ಲಿ ನಿಮ್ಮ ಮಾತು ಒಪ್ಪಲು ಇನ್ನೂ ಮನಸ್ಸಿಲ್ಲ ಸರ್.

ರೇಷ್ಮೆಮನೆ

ಪಕ್ಕದವರು ಒಪ್ಪಿದರು. ಬದುವಿನ ಕಡೆ ಹೊಡೆಯುವುದಿಲ್ಲ ಅಂದಿದ್ದಾರೆ. ಹುಳು ಜ್ವರದಿಂದ ಎದ್ದಿವೆ. ಎಲ್ಲರಿಗೂ ಉಪಕಾರ.

ಮೂರನೇ_ಸೆಮ್

ಕೊನೆಯದಾಗಿ ಒಂದು ಸರ್. ಹುಳು ಎಲ್ಲಿಂದ ತರುವುದು? ನಾವು ಹೊಲದಿಂದ ತಂದಾಗ ನೀರಿನ ತಟ್ಟೆಯಲ್ಲೇ ಅರ್ಧ ಸತ್ತವು. ಪಕ್ಕದಲ್ಲಿ ಸಣ್ಣ ಬಿಳಿ ಗೂಡು ಥರ ಇದ್ದವು.

ಹಳೇ_ಕೀಟಪ್ರಿಯ

ಅದು ಕೊಟೀಸಿಯಾ ಅನ್ನುವ ಸಣ್ಣ ಕಣಜದ ಗೂಡು ಇರಬೇಕು. ಕಣಜ ಹೊಲದಲ್ಲೇ ಹುಳುವಿನ ಒಳಗೆ ಮೊಟ್ಟೆ ಇಟ್ಟಿರುತ್ತದೆ. ಅದರ ಮರಿ ಹುಳುವನ್ನು ಒಳಗಿನಿಂದ ತಿಂದು ಹೊರಬಂದು ಗೂಡು ಕಟ್ಟುತ್ತದೆ. ಅಂಥ ಹುಳುಗಳನ್ನು ಬೇರೆಯಾಗಿ ಬರೆದಿಡಿ, ಔಷಧಿಯಿಂದ ಸತ್ತ ಲೆಕ್ಕಕ್ಕೆ ಸೇರಿಸಬೇಡಿ. ನೀರಿನ ತಟ್ಟೆಯಲ್ಲಿ ಶೇ. 20ಕ್ಕಿಂತ ಜಾಸ್ತಿ ಸತ್ತರೆ ಅಬ್ಬಟ್ ಸೂತ್ರ ಹಾಕಿ ಉಳಿಸಿಕೊಳ್ಳಲು ನೋಡಬೇಡಿ, ಆ ಪ್ರಯೋಗ ಬಿಟ್ಟು ಮತ್ತೆ ಮಾಡಿ.

ಹುಳು ಬೇಕಾದರೆ ಕೆಲವು ವಾರ ಮುಂಚೆ ಹೊಲದಿಂದ ಕೋಶ ತಂದು ಬಲೆಯ ಪಂಜರದಲ್ಲಿಡಿ. ಪತಂಗ ಬಂದಾಗ ಹತ್ತಿಯಲ್ಲಿ ಜೇನುನೀರು ಕೊಟ್ಟು, ಲೋಟದಲ್ಲಿ ಬೆಳೆಸಿದ ಸಾಸಿವೆ ಸಸಿ ಇಟ್ಟರೆ ಅದರ ಮೇಲೆ ಮೊಟ್ಟೆ ಇಡುತ್ತವೆ. ಆ ಮರಿಗಳಲ್ಲಿ ಕಣಜ ಇರುವುದಿಲ್ಲ, ವಯಸ್ಸೂ ಒಂದೇ ಸಮ ಸಿಗುತ್ತದೆ. ಸಾಸಿವೆಯನ್ನು ಈ ವಾರವೇ ಬಿತ್ತಿ.